ಕಲ್ಲಿನ ಮೇಲೆ ಕಾಣೆಯಾದ ನಕಾರ

ಸೇಡಂ ಹೈಸ್ಕೂಲಿನ ಹೆಡ್ಮಾಸ್ತರ್ ಬಸವಲಿಂಗ ನಿವೃತ್ತರಾಗುವ ದಿನ, ಶಾಹಾಬಾದಿನಿಂದ ಟೆಂಪೊದಲ್ಲಿ ಕಲ್ಲು ಬಂತು. ಹೊಸ ಗ್ರಂಥಾಲಯದ ಗೋಡೆಗೆ ಕೂರಿಸಬೇಕಾದ ಆ ಕಲ್ಲಿನ ಮೇಲೆ ಅವರನ್ನು ಹೊಗಳುವ ಸಂಸ್ಕೃತ ಶ್ಲೋಕವಿತ್ತು. ಬರೆದವರು ಚಿಂಚೋಳಿಯ ಗುರುಲಿಂಗಯ್ಯ ಶಾಸ್ತ್ರಿಗಳು. ಅವರು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಟೈಪು ಮಾಡಿದವನು ಗಣಿತದ ಮಾಸ್ತರ ಅರುಣಕುಮಾರ. ಕೆತ್ತಿದವಳು ಕಲ್ಲಿನ ಅಂಗಡಿಯ ಜೈಬುನ್ನೀಸಾ. ಆಕೆಯೇ ಉಳಿ ಸುತ್ತಿಗೆ ಸಮೇತ ಟೆಂಪೊದ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದಳು.

"ದಾನೇಶ್ವರಿ ಮೇಡಂ, ಜರಾ ಓದಿ ಅರ್ಥ ಹೇಳ್ರಿ. ನಮ್ಮ ಮನಿಯಾಕೀನೂ ಕೇಳ್ಲಿ," ಎಂದರು ಬಸವಲಿಂಗ, ಕುರ್ಚಿಯಿಂದ ಏಳದೆ.

ಸಂಸ್ಕೃತದ ದಾನೇಶ್ವರಿ ಗಂಟಲು ಸರಿಮಾಡಿಕೊಂಡಳು. "ಕರ್ಮಣ್ಯಲಸಃ ಶಾಂತಃ..." ಅಷ್ಟಕ್ಕೇ ನಾಲಿಗೆ ಎಡವಿತು. ಮೆಟ್ಟಿಲಿದೆ ಎಂದುಕೊಂಡು ಇಟ್ಟ ಕಾಲು ಗಾಳಿಗೆ ಹೋದಂತಾಯಿತು. ಅರ್ಥ ಹೊಳೆದಾಗಂತೂ ಕಿವಿಯೇ ಬಿಸಿಯಾಯಿತು.

"ಏನಾತ್ರಿ?" ಎಂದರು ಹೆಡ್ಮಾಸ್ತರರು.

"ಸರ್... 'ಕೆಲಸದಾಗ ಸೋಮಾರಿ, ಶಾಂತ ಮನುಷ್ಯ' ಅಂತ ಅದರಿ."

ಸ್ಟಾಫ್ ರೂಮಿನಲ್ಲಿದ್ದ ಮಾಸ್ತರರೆಲ್ಲ ಕಲ್ಲಿನತ್ತ ಕತ್ತು ಚಾಚಿದರು. ಹೆಡ್ಮಾಸ್ತರರ ಹೆಂಡತಿ ಶಿವಕಾಂತಮ್ಮ ಮಾತ್ರ ಮುಖವರಳಿಸಿದರು. "ಭಾಳ ಖರೇ ಬರದಾರ ಶಾಸ್ತ್ರಿಗಳು! ಕುಡಿಯಾ ನೀರಿನ ತಂಬಿಗಿ ಸುದ್ದಾ ಕೈಗೆ ಕೊಡಬೇಕರಿ ಇವರಿಗಿ."

"ಶಾಸ್ತ್ರಿಗಳು ಹಂಗ ಬರದಿಲ್ಲರಿ ಅಕ್ಕೋರ," ಎಂದಳು ದಾನೇಶ್ವರಿ. "ಛಂದಸ್ಸು ಕೆಟ್ಟದ."

"ಅರ್ಥ ಸರಿ ಇದ್ದಮ್ಯಾಲ ಛಂದಸ್ಸು ಕೆಟ್ರ ಏನಾತು?"

ಶಾಸ್ತ್ರಿಗಳಿಗೆ ಫೋನು ಹಚ್ಚಿದರೆ ಹತ್ತಲಿಲ್ಲ. ಅವರು ಕುಂಚಾವರಂ ಕಾಡಿನ ಕಡೆ ಮದುವೆಗೆ ಹೋಗಿದ್ದರು. ದಾನೇಶ್ವರಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು.

"ಇದು ಅನುಷ್ಟುಪ್ ಶ್ಲೋಕ. ನಾಲ್ಕು ಪಾದ, ಪಾದಕ್ಕ ಎಂಟೇ ಅಕ್ಷರ. ಎರಡನೇದು ನೋಡ್ರಿ: ಶಿ, ಷ್ಯಾ, ಣಾಂ, ಚ, ಹಿ, ತೇ, ರ, ತಃ. ಎಂಟು. ಮೂರನೇದು, 'ಶ್ರೀಮಾನ್ ಬಸವಲಿಂಗೋಽಯಂ'. ಬಿಡಿಯಾಗಿ ನಿಂತ ನ್ ಎಣಿಕಿಗಿಲ್ಲ, ಎಂಟು. 'ಜೀಯಾದ್ವಿದ್ಯಾಪ್ರದೋ ಗುರುಃ', ಅದೂ ಎಂಟು. ಈಗ ಮೊದಲನೇದು: ಕ, ರ್ಮ, ಣ್ಯ, ಲ, ಸಃ, ಶಾಂ, ತಃ."

"ಏಳು," ಎಂದ ಅರುಣಕುಮಾರ. ಟೈಪು ಮಾಡಿದವನು ತಾನೇ ಎಂದು ನೆನಪಾಗಿ ಬೆವರೊರೆಸಿಕೊಂಡ. "ಒಂದ ಅಕ್ಷರ ತಾನ ಮೇಡಂ? ಒಂದು 'ಚ' ಹಾಕಿಬಿಡ್ರಿ. 'ಕರ್ಮಣ್ಯಲಸಶ್ಚ ಶಾಂತಃ'. ಎಂಟಾತು!"

"ಅವಾಗ 'ಸೋಮಾರಿ ಮತ್ತು ಶಾಂತ' ಆಗ್ತದ," ಎಂದರು ಬಸವಲಿಂಗ ನೊಂದ ದನಿಯಲ್ಲಿ.

"ಲೆಕ್ಕ ಅಷ್ಟಕ್ಕ ಮುಗಿಯಲ್ಲ ಸರ್," ಎಂದಳು ದಾನೇಶ್ವರಿ. ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲಿನಂಥ ಕೊಂಕು ಹಾಕುತ್ತಾ ಹೋದಳು. "ಪ್ರತಿ ಪಾದದಾಗೂ ಐದನೇದು ಲಘು, ಆರನೇದು ಗುರು ಇರಬೇಕು. ಉಳಿದ ಮೂರರಾಗೂ ಹಂಗೇ ಅದ: ಹಿ-ತೇ, ವ-ಲಿಂ, ಪ್ರ-ದೋ. ಅರುಣ ಸರ್ ಹೇಳಿದ್ರಾಗ ಐದನೇದು 'ಸ'. ಮುಂದ ಒತ್ತಕ್ಷರ ಬಂತು, ಗುರು ಆತು. ಆರನೇದು 'ಶ್ಚ', ಲಘು. ಎರಡೂ ತಿರುಗಾ ಮುರುಗಾ."

"ಮತ್ತ?" ಎಂದ ಅರುಣಕುಮಾರ.

"'ಸಃ' ಗುರು. ಈಗ ಐದನೇ ಜಾಗದಾಗ ಅದ, ಆರನೇದಕ್ಕ ಹೋಗಬೇಕು. ಅಂದ್ರ ಕಳೆದ ಅಕ್ಷರ ಅದರ ಮುಂದಲ್ಲ, ಹಿಂದೇ ಇರಬೇಕು. ಐದನೇದಕ್ಕ ಲಘು ಬೇಕು; 'ಲ' ಅದ. ಈಗ ಅಲಸಃ ಅನ್ನೋ ಶಬ್ದದ 'ಲ'ಕ್ಕಿಂತ ಮೊದಲು ಏನು ಹೋಗಿರಬಹುದು?" ಅವಳು ದೊಡ್ಡದಾಗಿ ಬರೆದಳು: ಕರ್ಮಣ್ಯನಲಸಃ. "ಅನಲಸ. ಸೋಮಾರಿ ಅಲ್ಲದವ!"

ಅರುಣಕುಮಾರ ಬೆರಳು ಮಡಚಿ ಎಣಿಸಿದ. ಎಂಟು. ಬಸವಲಿಂಗರು ಕುರ್ಚಿಯಲ್ಲೇ ಸೆಟೆದು ಕೂತರು. "ನೋಡಿದ್ಯಾ? ಛಂದಸ್ಸೇ ಹೇಳ್ತದ!"

"ಛಂದಸ್ಸು ನಮ್ಮ ಮನ್ಯಾಗ ಇರಾದಿಲ್ಲಲ್ಲ," ಎಂದರು ಶಿವಕಾಂತಮ್ಮ.

ಈಗ ಎಲ್ಲರೂ ಜೈಬುನ್ನೀಸಾಳತ್ತ ತಿರುಗಿದರು. ಆಕೆ ಅಕ್ಷರಗಳ ನಡುವೆ ಬೆರಳಿಟ್ಟು ನೋಡಿದಳು. "ಜಾಗಾ ಇಲ್ಲರಿ. ಹೊಸಾ ಕಲ್ಲು ಕಡೀಬೇಕಂದ್ರ ಸಂಜೀಗಿ ಆಗಂಗಿಲ್ಲ."

ಅತಿಥಿಗಳು ಬರುವುದು ಸಂಜೆಗೇ. ದಾನೇಶ್ವರಿ ಒಂದು ಗಳಿಗೆ ಯೋಚಿಸಿ, ಮಕ್ಕಳ ಉತ್ತರಪತ್ರಿಕೆಗಳಲ್ಲಿ ದಿನಾ ಕಾಣುವ ಗುರುತನ್ನು ಬೋರ್ಡಿನ ಮೇಲೆ ಬರೆದಳು: ಸಾಲಿನ ಕೆಳಗೆ ಒಂದು ಹಂಸಪಾದ, ಮೇಲೆ ಪುಟ್ಟ 'ನ'. "ಹಿಂದ ತಾಳೆಗರಿ ಬರೆಯೋರೂ ಬಿಟ್ಟ ಅಕ್ಷರಾನ ಇಂಥ ಗುರುತು ಹಾಕಿ ಸೇರಿಸ್ತಿದ್ರು. ನಾಚಿಕೀದೇನಿಲ್ಲ."

ಜೈಬುನ್ನೀಸಾ ಅಲ್ಲೇ ವರಾಂಡದಲ್ಲಿ ಕೂತು ಟಕಟಕ ಶುರುಮಾಡಿದಳು. ಬೂದು ಕಲ್ಲಿನ ಪುಡಿ ಹಾರಿ ಬಾಗಿಲ ತನಕ ಹರಡಿತು. ದಾನೇಶ್ವರಿ ಆಕೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಾದಳು. 'ನ'ಕಾರದ ಬಾಲ ಮುಗಿದಾಗ ಶ್ಲೋಕವನ್ನು ಮೊದಲಿಂದ ಗಟ್ಟಿಯಾಗಿ ಓದಿದಳು. ನಾಲಿಗೆ ಎಲ್ಲೂ ನಿಲ್ಲದೆ ನೀರಿನಂತೆ ಹರಿಯಿತು. ಅವಳಿಗೆ ಅರ್ಥಕ್ಕಿಂತ ಅದೇ ಹೆಚ್ಚು ಖುಷಿ ಕೊಟ್ಟಿತು.

ಬಸವಲಿಂಗರು ಎದ್ದರು. ಯಾರಿಗೂ ಹೇಳದೆ ಮೂಲೆಯ ಕಸಬರಿಗೆ ತಂದು, ನಿವೃತ್ತಿಯ ಹೊಸ ಬಿಳಿ ಅಂಗಿಯಲ್ಲೇ ಕಲ್ಲಿನ ಪುಡಿ ಗುಡಿಸತೊಡಗಿದರು.

ಶಿವಕಾಂತಮ್ಮ ಗಡಬಡಿಸಿ ಫೋನು ತೆಗೆದರು. "ಹಂಗೇ ಇರ್ರಿ, ಕದಲಬ್ಯಾಡ್ರಿ. ಫೋಟೊ ಹೊಡೀತೀನಿ. ನಮ್ಮ ತವರಾಗ ಯಾರೂ ನಂಬಂಗಿಲ್ಲ."