ಮೊದಲು ನೀರು

ಲ್ಯಾಬಿನಲ್ಲಿ ಕೆಲಸ ಮಾಡುವ ಆಶಾರಾಣಿಯ ಮುಂಗೈ ಸುಟ್ಟ ಮೂರನೆಯ ದಿನ, ಚಿಕ್ಕಜಾಲದ ಹತ್ತಿರದ ಒಂದು ಖಾಸಗಿ ಡೈರಿಯಲ್ಲಿ ಇಂದುವಿಗೆ ಎರಡು ಕೆಲಸ ಒಟ್ಟಿಗೆ ಬಂದವು. ಲ್ಯಾಬಿನ ಗೋಡೆಗೆ ಅಂಟಿಸಿದ್ದ ಸುರಕ್ಷತೆಯ ಪ್ಯಾರಾವನ್ನು ತಿದ್ದಿ ಕೊಡುವುದು ಒಂದು. ಅದರಂತೆ ನಡೆದುಕೊಳ್ಳಲಿಲ್ಲವೆಂದು ಲ್ಯಾಬಿನ ಹುಡುಗ ಮಹೇಂದ್ರನಿಗೆ ಕೊಡುವ ಮೆಮೋಗೆ ಲ್ಯಾಬ್ ಇನ್‌ಚಾರ್ಜ್ ಆಗಿ ಸಹಿ ಹಾಕುವುದು ಇನ್ನೊಂದು.

ಮೆಮೋ ಎಂದರೆ ಕೆಲಸ ಹೋದ ಹಾಗೆಯೇ. ಬಾಗಲೂರಿನ ಮಹೇಂದ್ರ ಇನ್ನೂ ಖಾಯಂ ಆಗಿರಲಿಲ್ಲ.

ನಡೆದದ್ದು ಎಲ್ಲರಿಗೂ ಗೊತ್ತಿತ್ತು. ಹಾಲಿನ ಕೊಬ್ಬು ಅಳೆಯಲು ಗಾಜಿನ ಕೊಳವೆಗೆ ಗಟ್ಟಿ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ ಹಾಲು, ಆಮೇಲೆ ಸ್ವಲ್ಪ ಆಲ್ಕೋಹಾಲ್ ಹಾಕಿ, ಬಿರಡೆ ಒತ್ತಿ ಅಲುಗಾಡಿಸುತ್ತಾರೆ. ಕೊಳವೆ ಕೈ ಇಡಲಾಗದಷ್ಟು ಕಾಯುತ್ತದೆ. ಆವತ್ತು ಬಿರಡೆ ಹಾರಿ ಆಶಾರಾಣಿಯ ಕೈಮೇಲೆ ಆಸಿಡ್ ಬಿತ್ತು. ಪಕ್ಕದಲ್ಲಿದ್ದ ಮಹೇಂದ್ರ ಗೋಡೆಯ ಕಡೆ ನೋಡಿದ, ಕಪಾಟಿನಿಂದ ಸೋಡಾ ಪುಡಿಯ ಡಬ್ಬಿ ತಂದು ಅವಳ ಕೈಮೇಲೆ ಸುರಿದ. ಸೋಡಾ ಬುಸ್ಸೆಂದು ನೊರೆಯೆದ್ದು, ಕೈ ಇನ್ನಷ್ಟು ಬಿಸಿಯಾಯಿತು. ಇಂದು ಓಡಿ ಬಂದು ಅವಳನ್ನು ನಲ್ಲಿಯ ಕೆಳಗೆ ಎಳೆದುಕೊಂಡು ಹೋಗುವ ಹೊತ್ತಿಗೆ ತಡವಾಗಿಹೋಗಿತ್ತು.

ಮ್ಯಾನೇಜರ್ ಸುರೇಶ್ ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ಭಾಷೆ ಮಾತ್ರ ಚೆನ್ನಾಗಿ ಮಾಡಿ, ವಾಕ್ಯಗಳ ಕ್ರಮ ಬದಲಾಯಿಸಬೇಡಿ ಎಂದಿದ್ದರು. ಕ್ರಮ ಬದಲಾದರೆ ಮೊದಲಿನದು ತಪ್ಪಿತ್ತೆಂದು ನಾವೇ ಒಪ್ಪಿಕೊಂಡಂತೆ ಎಂಬುದು ಅವರ ಚಿಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಡೈರಿಯಲ್ಲೂ ಇರುತ್ತಾರೆ.

ಇಂದು ಕುರ್ಚಿ ಎಳೆದುಕೊಂಡು ಹಳೆಯ ಪ್ಯಾರಾ ಓದಿದಳು. 'ಆಸಿಡ್ ಚೆಲ್ಲಿದರೆ ತಕ್ಷಣ ಸೋಡಾ ಪುಡಿ ಹಾಕಬೇಕು. ಗ್ಲೌಸ್ ಧರಿಸಿರಬೇಕು. ಬಿರಡೆ ಹಾರುವ ಸಂಭವವಿದೆ. ಮೈಮೇಲೆ ಬಿದ್ದಲ್ಲಿ ನೀರಿನಿಂದ ತೊಳೆಯಬೇಕು. ಗಾಗಲ್ಸ್ ಕಡ್ಡಾಯ. ಆಸಿಡ್ ಚರ್ಮವನ್ನು ಸುಡುತ್ತದೆ.' ಒಂದು ವಾಕ್ಯವೂ ಸುಳ್ಳಲ್ಲ. ಆದರೆ ಪ್ರತಿ ಆಡಿಟ್‌ನಲ್ಲಿ ಆಕ್ಷೇಪಣೆ ಬಂದಾಗಲೆಲ್ಲ, ಮುಂದಿನ ಸಲ ಆಡಿಟರ್ ಕಣ್ಣಿಗೆ ಮೊದಲು ಬೀಳಲೆಂದು ಹೊಸ ವಾಕ್ಯವನ್ನು ಪ್ಯಾರಾದ ತಲೆಗೆ ಸೇರಿಸುವುದು ಇಲ್ಲಿನ ರೂಢಿ. ಕೊನೆಯ ಸಲ ಆಕ್ಷೇಪಣೆ ಬಂದದ್ದು ನೆಲಕ್ಕೆ ಚೆಲ್ಲಿದ ಆಸಿಡ್ ಬಗ್ಗೆ. ಹಾಗಾಗಿ ನೆಲ ಮೇಲೆ ಹೋಯಿತು, ಮನುಷ್ಯನ ಮೈ ಕೆಳಗೆ ಬಂತು.

ಅವಳು ಹೊಸದಾಗಿ ಬರೆದಳು. ಮೊದಲು ಅಪಾಯ: ಆಸಿಡ್ ಚರ್ಮ, ಕಣ್ಣು ಸುಡುತ್ತದೆ, ಕೊಳವೆ ಕಾದು ಬಿರಡೆ ಹಾರಬಹುದು. ಆದ್ದರಿಂದ ಬಾಟಲಿ ಮುಟ್ಟುವ ಮೊದಲೇ ಗಾಗಲ್ಸ್, ಮುಖಕ್ಕೆ ಶೀಲ್ಡ್, ಆಸಿಡ್ ತಡೆಯುವ ಉದ್ದನೆಯ ಗ್ಲೌಸ್, ಏಪ್ರನ್. ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ, ಬಾಯಿ ಯಾರ ಕಡೆಗೂ ಇರದಂತೆ ಹಿಡಿಯಬೇಕು. ಇಷ್ಟಾದರೂ ಮೈಗೆ ಬಿದ್ದರೆ ತಕ್ಷಣ ಹರಿಯುವ ನೀರು, ಕಡಿಮೆಯೆಂದರೆ ಕಾಲು ಗಂಟೆ, ನೀರು ಬೀಳುತ್ತಿರುವಾಗಲೇ ನೆನೆದ ಬಟ್ಟೆ, ಬಳೆ ತೆಗೆಯಬೇಕು, ಮೈಗೆ ಸೋಡಾ ಬೇಡ, ಆಮೇಲೆ ಆಸ್ಪತ್ರೆ. ನೆಲದ ಮಾತು ಎಲ್ಲಕ್ಕಿಂತ ಕೊನೆಗೆ.

ಹೊಸ ಹಾಳೆ, ಸಹಿ ಹಾಕದ ಮೆಮೋ ಎರಡನ್ನೂ ಹಿಡಿದು ಸುರೇಶ್ ಅವರನ್ನು ಲ್ಯಾಬಿಗೆ ಕರೆದಳು. ಹಳೆಯ ಪ್ಯಾರಾವನ್ನು ಗೋಡೆಯ ಮೇಲೇ ಬಿಟ್ಟಿದ್ದಳು.

"ಸಾರ್, ನನ್ನ ಕೈಮೇಲೆ ಈಗ ಆಸಿಡ್ ಬಿದ್ದಿದೆ ಅನ್ಕೊಳ್ಳಿ. ಗೋಡೆ ನೋಡ್ಕೊಂಡು ಬೇಗ ಏನಾದ್ರೂ ಮಾಡಿ" ಎಂದು ಕೈ ಚಾಚಿದಳು.

ಸುರೇಶ್ ಗೊಣಗುತ್ತಲೇ ಕಣ್ಣು ಮೇಲೆತ್ತಿದರು. ಮೊದಲ ಸಾಲು ಓದಿದರು. ಕೈ ತಾನಾಗಿಯೇ ಕಪಾಟಿನತ್ತ ಹೋಗಿ ಸೋಡಾ ಡಬ್ಬಿಯ ಮೇಲೆ ನಿಂತಿತು. ಅಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲೇ ನಲ್ಲಿ ಇತ್ತು.

ಅವರು ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಹೊಸ ಹಾಳೆಗೆ ಸಹಿ ಹಾಕಿದರು. ತಾರೀಖು ಯಾವುದು ಹಾಕಲಿ ಎಂದು ಕೇಳಿದಾಗ ಅವಳು ಇವತ್ತಿನದೇ ಎಂದಳು. ಮೆಮೋವನ್ನು ಅವರು ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು, ಮತ್ತೆ ಹೊರಗೆ ತೆಗೆಯಲಿಲ್ಲ.

ಗೆದ್ದ ಖುಷಿಯಲ್ಲೇ ಅವಳು ಮಹೇಂದ್ರನನ್ನು ಕರೆದು ಹೊಸ ಪ್ಯಾರಾ ತೋರಿಸಿದಳು. ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದಳು. ಅವನು ನಿಧಾನವಾಗಿ, ತುಟಿಯಾಡಿಸುತ್ತ, ಕೊನೆಯವರೆಗೂ ಓದಿದ. ಮುಖ ಗೆಲುವಾಗಲಿಲ್ಲ.

"ಮೇಡಂ, ನಮ್ಮನೇಲಿ ಕೈ ಸುಟ್ರೆ ಯಾರೂ ಏನೂ ಓದಲ್ಲ, ನೀರಿಗೇ ಓಡ್ತೀವಿ. ಇಲ್ಲಿ ಓದ್ಕೊಂಡೇ ಮಾಡ್ಬೇಕು ಅಂತ ನೀವೇ ಯೋಳಿದ್ರಿ, ಅದ್ಕೇ ಇಂಗೆ ಮಾಡ್ದೆ" ಎಂದ. "ಆವತ್ತು ನಾನು ಓದ್ದೆ ಇದ್ದಿದ್ರೆ, ಆಶಾ ಅಕ್ಕನ ಕೈ ಉಳೀತಿತ್ತು ಅಲ್ವಾ?"

ಇಂದು ಹಾಳೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಹೌದು ಎಂದಳು.