ಎರಡು ಎಳೆ ಒಂದಾಗುವಲ್ಲಿ

ಶಂಕ್ರೆವ್ವ ಹೇಳಿ ಹೋದದ್ದು ಬಹಳ ಸರಳವಾಗಿತ್ತು. ಉದ್ದ ಫೋಟೊದ ನಡುವೆ ನಿಂತಿರುವ ತುಳಸಾ ಇರಬಾರದು. ಅವಳು ನಿಂತಿದ್ದಳೆಂಬ ಗುರುತೂ ಉಳಿಯಬಾರದು. ಶುಕ್ರವಾರ ಬಂದು ನೋಡುತ್ತೇವೆ, ಸರಿ ಇದ್ದರೆ ಅಂದೇ ಬ್ಯಾನರ್ ಅಚ್ಚಿಗೆ ಕೊಡುವುದು, ಸೋಮವಾರ ಧಾರವಾಡದಲ್ಲಿ ಪ್ರದರ್ಶನ.

ನೀಲಾ ಹೂಂ ಅಂದಿದ್ದಳು. ಬಂಗೂರನಗರದ ಈ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವಳಿಗೆ ಇದು ಹೊಸ ಮಾತಲ್ಲ. ಮುರಿದ ಸಂಬಂಧಗಳನ್ನು, ಬೇಡವಾದ ಬೀಗರನ್ನು, ಹಿಂದೆ ನಿಂತ ನೀರಿನ ಟ್ಯಾಂಕರನ್ನು ಅವಳು ಎಷ್ಟೋ ಸಲ ಅಳಿಸಿದ್ದಳು. ತೆಗೆದುಕೊಂಡು ಹೋಗುವವರು ಹೇಳುವ ಹೊಗಳಿಕೆ ಯಾವಾಗಲೂ ಒಂದೇ: ಗೊತ್ತೇ ಆಗೂದಿಲ್ಲ ನೋಡ್ರಿ. ಮೊದಮೊದಲು ಅದನ್ನು ಕೇಳಿ ಮನಸ್ಸು ಅರಳುತ್ತಿತ್ತು. ನಲವತ್ತೇಳು ದಾಟಿದ ಮೇಲೆ ಆ ಮಾತಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸುತ್ತಿತ್ತು. ಗೊತ್ತಾಗದಂತೆ ಮಾಡುವುದೇ ಕೆಲಸವಾದರೆ, ಮಾಡಿದವಳು ಯಾರಿಗೆ ಗೊತ್ತಾಗಬೇಕು?

ಫೋಟೊ ತೆಗೆದವರು ಸ್ಟುಡಿಯೋದ ಮಾಲೀಕ ಮಹಾಬಳೇಶ್ವರ. ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಊರಿನಲ್ಲಿ ಸಿದ್ದಿ ಹೆಣ್ಣುಮಕ್ಕಳ ಕೌದಿ ಸಂಘವಿದೆ. ಅವರು ಪ್ರದರ್ಶನಕ್ಕೆಂದೇ ಹದಿನೆಂಟು ಅಡಿ ಉದ್ದದ ಕೌದಿ ಹೊಲಿದಿದ್ದರು. ಹಳೆಯ ಸೀರೆ, ಲುಂಗಿ, ಶಾಲೆಯ ಸಮವಸ್ತ್ರದ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಹನ್ನೊಂದು ಮಂದಿ ಅದನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ತಾವು ತಾವು ಹೊಲಿದ ಭಾಗದ ಹಿಂದೆಯೇ ನಿಂತಿದ್ದರು. ಹಿಂದೆ ಹೆಂಚಿನ ಮಾಡಿನ ಉದ್ದನೆಯ ಗೋಡೆ. ಜಾಗ ಇಕ್ಕಟ್ಟು, ಹಿಂದೆ ಸರಿಯಲು ಬರುವಂತಿರಲಿಲ್ಲ. ಮಹಾಬಳೇಶ್ವರ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ಎಡದಿಂದ ಬಲಕ್ಕೆ ತಿರುಗಿಸುತ್ತ ಎಂಟು ಚಿತ್ರ ತೆಗೆದಿದ್ದರು. ಅವನ್ನು ಒಂದಕ್ಕೊಂದು ಕೂಡಿಸಿ ಒಂದೇ ಪಟ ಮಾಡಿದವಳು ನೀಲಾ. ಈಗ ತಾನು ಕೂಡಿಸಿದ್ದನ್ನೇ ನಡುವೆ ಕತ್ತರಿಸಬೇಕಾಗಿತ್ತು.

ಅದಾಗಿ ಎರಡು ತಿಂಗಳಲ್ಲಿ ತುಳಸಾ ಸಂಘಕ್ಕೆ ಹೇಳದೆ ತಾನೇ ಹೊಲಿದ ಎರಡು ಕೌದಿಗಳನ್ನು ಅಣಶಿ ಕಡೆಯ ಒಂದು ರೆಸಾರ್ಟಿಗೆ ಕೊಟ್ಟಿದ್ದಳಂತೆ. ಸಂಘದ ಅಧ್ಯಕ್ಷೆ ಶಂಕ್ರೆವ್ವನಿಗೆ ಅದು ಬೆನ್ನಿಗೆ ಚೂರಿ ಹಾಕಿದಂತಾಯಿತು. ಇಬ್ಬರೂ ಮಾತು ಬಿಟ್ಟಿದ್ದರು.

ಬುಧವಾರ ಬೆಳಗ್ಗೆ ನೀಲಾ ಪಟದ ಒಂದು ಪ್ರತಿ ಮಾಡಿಕೊಂಡು ಕೆಲಸ ಶುರು ಮಾಡಿದಳು. ಅವಳನ್ನಷ್ಟೇ ಅಳಿಸಿದರೆ ನಡುವೆ ಖಾಲಿ ಜಾಗ ಉಳಿದು ಗುರುತು ಸಿಕ್ಕಿಬಿಡುತ್ತಿತ್ತು. ತುಳಸಾಳ ಎರಡೂ ಕಡೆ ಗೆರೆ ಹಾಕಿ, ಮೇಲಿನ ಹೆಂಚಿನಿಂದ ಕೆಳಗಿನ ಅಂಗಳದ ತನಕ ಆ ಪಟ್ಟಿಯನ್ನು ತೆಗೆದಳು. ಬಲಗಡೆಯ ಅರ್ಧವನ್ನು ಎಡಕ್ಕೆ ಸರಿಸಿ, ಎಡಗಡೆಯ ಅರ್ಧದ ಮೇಲೆ ಒಂದಿಷ್ಟು ಹಾಯುವಂತೆ ಇಟ್ಟಳು.

ಕೂಡಲೇ ಮಾಡು ಮುರಿಯಿತು. ಕ್ಯಾಮೆರಾ ತಿರುಗಿಸಿ ತೆಗೆದ ಪಟದಲ್ಲಿ ನೇರವಾದ ಮಾಡಿನಂಚು ನೇರವಾಗಿ ಕಾಣುವುದಿಲ್ಲ. ನಡುವೆ ಎತ್ತರವಾಗಿ, ಎರಡೂ ತುದಿಗೆ ಇಳಿಯುತ್ತ ಬಿಲ್ಲಿನಂತೆ ಬಾಗಿರುತ್ತದೆ. ಬಿಲ್ಲಿನ ನಡುವನ್ನು ತೆಗೆದರೆ ಏರುತ್ತ ಬಂದ ಎಡಭಾಗವೂ ಇಳಿಯುತ್ತ ಹೋಗುವ ಬಲಭಾಗವೂ ಮೂಲೆ ಮಾಡಿಕೊಂಡು ನಿಲ್ಲುತ್ತವೆ. ಕೌದಿಯ ಕೆಳಗಿನ ಅಂಚಿನಲ್ಲಿ ಇದೇ ತಲೆಕೆಳಗು. ನೀಲಾ ಎರಡೂ ಅರ್ಧಗಳನ್ನು ಕೂಡುವ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಎಳೆದು, ಬಾಗಿಸಿ, ಹೆಂಚಿನ ಸಾಲಿಗೆ ಸಾಲು ತಾಗಿಸಿದಳು. ಅಷ್ಟಕ್ಕೇ ಮಧ್ಯಾಹ್ನವಾಯಿತು.

ಬೆಳಕಿನದು ಇನ್ನೊಂದು ತಕರಾರು. ಬಿಸಿಲು ಎಡದಿಂದ ಬಿದ್ದಿದ್ದರಿಂದ ಗೋಡೆ ಬಲಕ್ಕೆ ಹೋಗುತ್ತ ಮಬ್ಬಾಗುತ್ತಿತ್ತು. ನಡುವಿನ ಮೂರಡಿ ಹೋದ ಮೇಲೆ ಆ ಮಬ್ಬು ಒಮ್ಮೆಲೇ ಮೆಟ್ಟಿಲಿನಂತೆ ಇಳಿದಿತ್ತು. ಬಲಗಡೆಯದನ್ನು ಕೂಡಿಕೆಯ ಬಳಿ ತಿಳಿ ಮಾಡಿ, ದೂರ ಹೋದಂತೆ ಆ ತಿಳಿಯನ್ನು ಕಡಿಮೆ ಮಾಡಿದಳು. ಕೂಡಿಕೆಯ ಗೆರೆ ನೇರ ಇದ್ದರೆ ಕಣ್ಣು ಹಿಡಿದುಬಿಡುತ್ತದೆ. ಅದಕ್ಕೆ ಅವಳು ಅದನ್ನು ಗೋಡೆಯ ಒಂದು ಬಿರುಕಿನಗುಂಟ ಇಳಿಸಿ, ತುಳಸಾಳ ಎಡಕ್ಕೆ ನಿಂತಿದ್ದ ಮುದುಕಿ ಯಲ್ಲವ್ವನ ಸೆರಗಿನ ಅಂಚಿನಲ್ಲಿ ಹಾಯಿಸಿ, ಕೌದಿಯಲ್ಲಿ ತುಂಡುಬಟ್ಟೆಗಳ ಅಂಚು ಹಿಡಿದು ಕೆಳಗೆ ತಂದಳು. ಬಲಕ್ಕೆ ನಿಂತಿದ್ದ ಶಂಕ್ರೆವ್ವನ ತೋಳಿನ ಮೇಲೆ ತುಳಸಾಳ ಮೊಣಕೈಯ ನೆರಳೊಂದು ಉಳಿದಿತ್ತು. ಅದನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಕೌದಿಯ ಮೇಲಿನ ಬಿಳಿ ಹೊಲಿಗೆ ಸಾಲುಗಳು. ಎಡದವು ಒತ್ತೊತ್ತಾಗಿದ್ದವು, ಬಲದವು ಅಗಲ. ಒಂದಕ್ಕೊಂದು ತಾಗಲಿಲ್ಲ. ಅವಳು ಎರಡೆರಡು ಸಾಲನ್ನು ಒಂದೊಂದಕ್ಕೆ ಸೇರಿಸಿ, ಪಕ್ಕದ ಬಟ್ಟೆಯ ಬಣ್ಣ ತಂದು ಮುಚ್ಚಿದಳು.

ಗುರುವಾರ ಪಟವನ್ನು ಎಡಬಲ ತಿರುವಿ ಹಾಕಿ ನೋಡಿದಳು. ತಿರುವಿದರೆ ನೋಡಿ ನೋಡಿ ಸೋತ ಕಣ್ಣಿಗೆ ತಪ್ಪು ಕಾಣಿಸುತ್ತದೆ. ಏನೂ ಕಾಣಲಿಲ್ಲ. ಮಹಾಬಳೇಶ್ವರ ಬಂದು, ಎಲ್ಲಿ ಕೂಡಿಸಿದ್ದೀ ಎಂದು ಕೇಳಿದರು. ತೋರಿಸಿದ ಮೇಲೂ ಅವರಿಗೆ ಕಾಣಲಿಲ್ಲ. ಹತ್ತು ಮಂದಿ ಹೆಣ್ಣುಮಕ್ಕಳು ಕೌದಿ ಹಿಡಿದು ನಿಂತಿದ್ದರು. ಹನ್ನೊಂದನೆಯವಳು ಹುಟ್ಟೇ ಇರಲಿಲ್ಲ ಎನ್ನುವ ಹಾಗೆ.

ಆ ದಿನ ಮನೆಗೆ ಹೋಗುವಾಗ ನೀಲಾಳಿಗೆ ತುಳಸಾಳ ಮುಖ ನೆನಪಾಗುತ್ತಲೇ ಇತ್ತು. ಎರಡು ದಿನ ಅಷ್ಟು ಹತ್ತಿರದಿಂದ ಯಾರನ್ನಾದರೂ ನೋಡಿದರೆ ಹಾಗೆಯೇ ಆಗುತ್ತದೆ. ತುಳಸಾ ಕ್ಯಾಮೆರಾ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ, ಕೌದಿ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ತನ್ನ ಪಟದ ಬಗ್ಗೆ ಅವಳಿಗೆ ಪರಿವೆಯೇ ಇರಲಿಲ್ಲ.

ಶುಕ್ರವಾರ ಶಂಕ್ರೆವ್ವ ಒಬ್ಬಳೇ ಬರಲಿಲ್ಲ. ಯಲ್ಲವ್ವನನ್ನೂ ಕರೆತಂದಿದ್ದಳು. ಎಪ್ಪತ್ತು ದಾಟಿದ ಯಲ್ಲವ್ವ ಬಸ್ಸಿನ ಧೂಳು ಒರೆಸಿಕೊಂಡು, ನನ್ನ ಮಾರಿ ಅಷ್ಟು ದೊಡ್ಡದು ಮಾಡಬ್ಯಾಡವ್ವಾ, ನೋಡಿದ ಮಂದಿ ಕೌದಿ ಬಿಟ್ಟು ಓಡತಾರ ಎಂದು ನಗಿಸಿದಳು. ಶಂಕ್ರೆವ್ವ ಪರದೆಯ ಮುಂದೆ ಬಹಳ ಹೊತ್ತು ನಿಂತಳು. ಹುಡುಕಿದಳು. ನಂತರ ತಲೆಯಾಡಿಸಿ ಅದೇ ಮಾತು ಹೇಳಿದಳು.

"ಗೊತ್ತೇ ಆಗೂದಿಲ್ಲ ನೋಡ್ರಿ."

ಯಲ್ಲವ್ವ ಮಾತ್ರ ಮುಖಗಳನ್ನು ನೋಡುತ್ತಿರಲಿಲ್ಲ. ಕೌದಿಯನ್ನು ದೊಡ್ಡದು ಮಾಡಿ ತೋರಿಸಲು ಕೇಳಿದಳು. ನೀಲಾ ಮಾಡಿದಳು. ಇನ್ನೂ ಅಂದಳು. ಇನ್ನೂ ಮಾಡಿದಳು. ಮುದುಕಿ ಬೆರಳನ್ನು ಪರದೆಯ ಮೇಲೆ ಎಡದಿಂದ ಬಲಕ್ಕೆ, ಹೊಲಿಗೆಯ ಗುಂಟ ನಡೆಸುತ್ತ ಬಂದು ಒಂದು ಕಡೆ ನಿಲ್ಲಿಸಿದಳು.  ಬೆರಳು ಕೂಡಿಕೆಯ ಮೇಲೇ ಇತ್ತು.

"ಇದು ನನ್ನ ಹೊಲಿಗಿ," ಯಲ್ಲವ್ವ ಎಡಗಡೆ ತೋರಿಸಿದಳು. "ಅರ್ಧ ಬೆರಳಿಗೊಂದು ಸಾಲು. ಇದು ಇಕೀದು, ಶಂಕ್ರೆವ್ವಂದು. ಬೆರಳಿಗೊಂದು. ನನ್ನವು ಎರಡು ಸಾಲು ಇಲ್ಲಿ ಒಮ್ಮೆಲೇ ಇಕೀದು ಒಂದರೊಳಗ ಹೋಗ್ಯಾವ. ಹಿಂಗ ಹೊಲದ್ರ ಬಟ್ಟಿ ಮುದ್ದಿಯಾಗತೈತಿ. ಹಿಂಗ ಯಾರು ಹೊಲೀತಾರ?"

ನೀಲಾಳಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಕೆಲಸವನ್ನು ಕಂಡುಹಿಡಿದಿದ್ದರು.

ಮೂಲ ಪಟ ತೆರೆಯಿರಿ ಎಂದು ಶಂಕ್ರೆವ್ವನೇ ಹೇಳಿದಳು. ತೆರೆದು ಅಷ್ಟೇ ದೊಡ್ಡದು ಮಾಡಿದಾಗ ಮೂವರೂ ಬಗ್ಗಿ ನೋಡಿದರು. ತುಳಸಾ ಹೊಲಿದ ಮೂರಡಿಯಲ್ಲಿ ಯಲ್ಲವ್ವನ ಒತ್ತು ಸಾಲುಗಳು ಒಮ್ಮೆಲೇ ಕಡಿಮೆಯಾಗಿರಲಿಲ್ಲ. ಇಲ್ಲೊಂದು ಎಳೆ ಪಕ್ಕದ್ದಕ್ಕೆ ವಾಲಿ ಕೂಡಿತ್ತು, ಒಂದು ಗೇಣು ಬಿಟ್ಟು ಇನ್ನೊಂದು. ಒಂದರ ಕೆಳಗೊಂದು ಬರದ ಹಾಗೆ, ಚದುರಿಸಿ ಚದುರಿಸಿ. ಬಲತುದಿಗೆ ಬರುವಷ್ಟರಲ್ಲಿ ಸಾಲುಗಳು ಶಂಕ್ರೆವ್ವನ ಅಳತೆಗೆ ಬಂದು ನಿಂತಿದ್ದವು. ಬಟ್ಟೆ ಎಲ್ಲಿಯೂ ಸುಕ್ಕಾಗಿರಲಿಲ್ಲ.

ಅವರಿಬ್ಬರೂ ತಮ್ಮೊಳಗೆ ಕೊಂಕಣಿಯಲ್ಲಿ ಸಣ್ಣಗೆ ಮಾತಾಡಿಕೊಂಡರು. ಎರಡು ತುದಿಯಿಂದ ಹೊಲಿಯುತ್ತ ಬಂದದ್ದು ಯಲ್ಲವ್ವನ ಕಡೆಯವರು ಮತ್ತು ಶಂಕ್ರೆವ್ವನ ಕಡೆಯವರು ಎಂದು ನೀಲಾಳಿಗೆ ಆಮೇಲೆ ತಿಳಿಯಿತು. ಇಬ್ಬರೂ ತಮ್ಮ ಅಳತೆ ಬಿಟ್ಟುಕೊಟ್ಟಿರಲಿಲ್ಲ. ನಡುವಿನದು ಹ್ಯಾಗೋ ಕೂಡಿಕೊಂಡಿತು ಎಂದು ಶಂಕ್ರೆವ್ವ ಇಷ್ಟು ದಿನ ತಿಳಿದಿದ್ದಳು. ಹೇಗೆ ಎಂದು ಕೇಳಿರಲಿಲ್ಲ, ತುಳಸಾ ಹೇಳಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಶಂಕ್ರೆವ್ವ ನೀಲಾಳ ಕಡೆ ತಿರುಗಿದಳು. ದನಿ ಬಿಗಿಯಾಗಿಯೇ ಇತ್ತು.

"ಕೌದಿ ಹಂಗ ಇಟ್ಟು, ಆಕೀನ್ನ ಅಷ್ಟ ತಗೀಲಿಕ್ಕೆ ಆಗತೈತೇನ್ರಿ?"

ಆಗುತ್ತಿತ್ತು. ಕೌದಿಯ ಮೇಲೆ ಕಾಣುತ್ತಿದ್ದದ್ದು ತಲೆ, ಭುಜ, ಅಂಚನ್ನು ಹಿಡಿದ ಎರಡು ಕೈ, ಅಷ್ಟೇ. ತಲೆಯ ಜಾಗಕ್ಕೆ ಗೋಡೆ ತರಬಹುದು, ಬೆರಳುಗಳ ಮೇಲೆ ಬಟ್ಟೆ ತರಬಹುದು. ಪಟ್ಟಿ ತೆಗೆಯುವುದಕ್ಕಿಂತ ಸುಲಭ, ಸಂಜೆಯೊಳಗೆ ಮುಗಿಯುವ ಕೆಲಸ. ಪಕ್ಕದ ಮೇಜಿನಲ್ಲಿದ್ದ ಮಹಾಬಳೇಶ್ವರರಿಗೂ ಅದು ಗೊತ್ತು. ಆಗುವುದಿಲ್ಲ ಎಂಬ ಮಾತನ್ನು ನೀಲಾ ಈ ಕುರ್ಚಿಯಲ್ಲಿ ಕೂತು ಒಮ್ಮೆಯೂ ಆಡಿದವಳಲ್ಲ. ಅವಳ ಹೆಸರು ಇದ್ದದ್ದೇ ಅದರ ಮೇಲೆ. ಹಾಗೆ ಮಾಡಿಕೊಟ್ಟರೆ ತುಳಸಾಳ ಹೊಲಿಗೆ ಧಾರವಾಡಕ್ಕೆ ಹೋಗುತ್ತದೆ, ನೋಡಿದವರೆಲ್ಲ ಮೆಚ್ಚುತ್ತಾರೆ, ಅದನ್ನು ಮಾಡಿದ ಕೈ ಯಾರದೆಂದು ಒಬ್ಬರಿಗೂ ತಿಳಿಯುವುದಿಲ್ಲ. ಅದು ಎಂಥದ್ದೆಂದು ನೀಲಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಆಗೂದಿಲ್ರಿ ಅಕ್ಕಾ," ಅಂದಳು. "ಹಿಡದ ಕೈ ತಗದ್ರ ಅಲ್ಲಿ ಕೌದಿ ಜೋತ ಬೀಳಬೇಕು. ಹಂಗ ನೆಟ್ಟಗ ನಿಂತಿದ್ರ ಸುಳ್ಳಂತ ಕಾಣತೈತಿ."

ಮಹಾಬಳೇಶ್ವರ ಕೆಲಸ ನಿಲ್ಲಿಸಿ ಅವಳತ್ತ ನೋಡಿದರು. ಮತ್ತೆ ತಮ್ಮ ಪರದೆಗೆ ತಿರುಗಿದರು.

 ಯಲ್ಲವ್ವ ಶಂಕ್ರೆವ್ವನಿಗೆ ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಮೂರೂವರೆಗೆ ಬಸ್ಸಿದೆ ಎಂದಷ್ಟೇ ನೆನಪಿಸಿ, ಬೆಂಚಿನ ಮೇಲೆ ಕೂತು ಎಲೆಯಡಿಕೆ ಬಿಚ್ಚಿದಳು. ತುಳಸಾ ಪಟದಲ್ಲಿ ಇರುವುದಿಲ್ಲ ಎಂದು ಶಂಕ್ರೆವ್ವ ಸಂಘದ ಹೆಣ್ಣುಮಕ್ಕಳಿಗೆ ಹೇಳಿಬಂದಿದ್ದಳು. ಅದನ್ನು ಈಗ ಹೇಗೆ ತಿರುಗಿಸಿ ಹೇಳುವುದೆಂದು ಅವಳು ಲೆಕ್ಕ ಹಾಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಇರಲಿ ಬಿಡ್ರಿ," ಅಂದಳು ಕೊನೆಗೆ. "ಆಕಿ ಸಲುವಾಗಿ ಅಲ್ಲ. ಕೌದಿ ಸಲುವಾಗಿ."

"ಹೌದವ್ವಾ, ಕೌದಿ ಸಲುವಾಗಿ," ಬೆಂಚಿನಿಂದ ಯಲ್ಲವ್ವ ಅಂದಳು. ನಕ್ಕಳೋ, ಎಲೆ ಜಗಿದಳೋ ತಿಳಿಯಲಿಲ್ಲ.

ನೀಲಾ ಮೂಲ ಪಟವನ್ನೇ ಅಚ್ಚಿನ ಅಳತೆಗೆ ತಂದಳು. ಬ್ಯಾನರಿನ ಕೆಳಗೆ ಹೊಲಿದವರ ಹೆಸರು ಹಾಕಬೇಕೆಂದು ಶಂಕ್ರೆವ್ವ ಮೊದಲೇ ಚೀಟಿಯಲ್ಲಿ ಬರೆಸಿ ಕೊಟ್ಟಿದ್ದಳು. ಅದರಲ್ಲಿ ಹತ್ತೇ ಇದ್ದವು. ನೀಲಾ ಒಂದೊಂದೇ ಹೆಸರನ್ನು ಅವರವರು ನಿಂತ ಜಾಗದ ಕೆಳಗೆ ಬರುವಂತೆ ಎಡದಿಂದ ಕೂಡಿಸುತ್ತ ಹೋದಳು. ಯಲ್ಲವ್ವನ ಹೆಸರು ಬಂತು. ಅದರ ಪಕ್ಕ ಜಾಗ ಖಾಲಿ ಬಿಟ್ಟು ಶಂಕ್ರೆವ್ವನದನ್ನು ಬರೆದಳು. ಖಾಲಿ ಜಾಗ ಪರದೆಯ ನಟ್ಟನಡುವೆ ಇತ್ತು. ಅವಳು ಕೀಬೋರ್ಡಿನಿಂದ ಕೈ ತೆಗೆದು ಕೂತಳು.

ಶಂಕ್ರೆವ್ವ ಅದನ್ನು ನೋಡಿದಳು. ಬಾಗಿಲ ಹೊರಗೆ ನೋಡಿದಳು. ಮತ್ತೆ ಪರದೆ ನೋಡಿದಳು.

"ತುಳಸಾ ಅಂತ ಬರೀರಿ," ಅಂದಳು, ಯಾರ ಮೇಲೋ ಸಿಟ್ಟಾದವಳ ಹಾಗೆ. "ಸಣ್ಣ ಅಕ್ಷರ ಬ್ಯಾಡ. ಎಲ್ಲಾರದು ಎಷ್ಟೈತಿ ಅಷ್ಟ ಇರಲಿ."