ಚಾವಿ ತೆಗೆದ ಮೇಲೂ

ಮನೀಷಾ ಗಂಡನ ಮನೆ ಬಿಟ್ಟು ಬಂದು ಐದನೇ ದಿನವಾಗಿತ್ತು. ನಿಪ್ಪಾಣಿಯಲ್ಲಿ ಗೆಳತಿ ಶೇವಂತಾಳ ಮನೆಯಲ್ಲಿ ಅಡಗಿದ್ದಳು. ಇವತ್ತು ಸ್ಕೂಟರ್ ಚಾಲೂ ಆದರೆ ಅಲ್ಲಿಂದಲೂ ಹೊರಡಬೇಕು. ಎಲ್ಲಿಗೆಂದು ಶೇವಂತಾಳಿಗೂ ಹೇಳಿರಲಿಲ್ಲ.

ಸ್ಕೂಟರ್ ದುರಸ್ತಿಗೆ ಅವಳು ಬಂದು ನಿಂತಿದ್ದ ಅಂಗಡಿಯ ಮೆಕ್ಯಾನಿಕ್ ಭರಮುವಿಗೆ ಇಷ್ಟೆಲ್ಲ ಗೊತ್ತಿತ್ತು. ಓಣಿಯಲ್ಲಿ ಯಾರ ಬಾಯಿ ಮುಚ್ಚಿಸೋಕಾಗುತ್ತದೆ? ಅವಳಿಗೆ ಗೊತ್ತಿಲ್ಲದ್ದೂ ಅವನಿಗೊಂದು ಗೊತ್ತಿತ್ತು. ಮೂರು ವಾರದ ಹಿಂದೆ ಈ ಗಾಡಿ ಆಯಿಲ್ ಬದಲಿಸಲು ಬಂದಿದ್ದಾಗ ಅವಳ ಗಂಡ ಭೂಪಾಲ ಹಿಂದಿನಿಂದಲೇ ಬಂದು, ಬೆಂಕಿಪೊಟ್ಟಣದಷ್ಟು ಒಂದು ಜಿಪಿಎಸ್ ಡಬ್ಬಿ ಕೈಗಿಟ್ಟಿದ್ದ. "ಕಳವು ಆಗಬಾರದಂತ ಹಾಕಿಸಾಕತ್ತೀನಿ. ಆಕಿಗಿ ಗೊತ್ತಾಗಬಾರದು." ತನ್ನೂರು ಭೋಜದ ಕಬ್ಬಿನ ಹೊಲದಲ್ಲಿ ಟ್ರ್ಯಾಕ್ಟರ್ ಡ್ರೈವರನ ಕೈ ಮುರಿದವನು ಅವನು. ಭರಮು ಹೆದರಿ ಅದನ್ನು ಗಾಡಿಯೊಳಗೆ ಕೂರಿಸಿದ್ದ. ಇಂಥದ್ದಕ್ಕೆ ಊರಿನ ದೊಡ್ಡವರು ಕಾಳಜಿ ಎನ್ನುತ್ತಾರೆ. ಎಮ್ಮೆಗೆ ಹಗ್ಗ ಕಟ್ಟುವುದೂ ಕಾಳಜಿಯೇ.

"ಅಣ್ಣಾ, ಸುಮ್ಮನ ಬ್ಯಾಟರಿ ಹೋಗೇತಿ ಅನಬ್ಯಾಡ್ರಿ," ಎಂದಳು ಮನೀಷಾ. ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ಕಣ್ಣು ರಸ್ತೆಯ ಮೇಲೆಯೇ. "ಲಗ್ನಕ್ಕ ಮೊದಲ ನಾ ಲ್ಯಾಬಿನ್ಯಾಗ ರಕ್ತ ತಪಾಸ ಮಾಡ್ತಿದ್ನಿ. ಯಾವ ತಪಾಸಕ್ಕ ಏನ ಬಂತು, ಒಂದೊಂದಾಗಿ ಹೇಳ್ರಿ. ದಾರ್ಯಾಗ ಗಾಡಿ ನಿಂತರ ನಂದ ಮುಗೀತು."

ಹಿಂದಿನ ಸಂಜೆ ಬಿಚ್ಚಿ ಚಾರ್ಜಿಗೆ ಹಾಕಿದ್ದ ಬ್ಯಾಟರಿ ಬೆಂಚಿನ ಮೇಲಿತ್ತು. ಭರಮು ಮೀಟರಿನ ಕೆಂಪು ಕಡ್ಡಿ ಪ್ಲಸ್ಸಿಗೆ, ಕರಿ ಕಡ್ಡಿ ಮೈನಸ್ಸಿಗೆ ಹಿಡಿದ.

"ನಿನ್ನೆ ಇದು ಏಳು ಪಾಯಿಂಟ್ ಎಂಟು ವೋಲ್ಟ್ ಇತ್ರಿ ವೈನಿ. ಹತ್ತೂವರಿ ಕೆಳಗಿಳದ್ರ ಪೂರಾ ಖಾಲಿ ಅಂತ. ರಾತ್ರಿಯೆಲ್ಲಾ ಚಾರ್ಜ್ ಮಾಡಿ, ಮುಂಜಾನೆ ತಗದು, ಎರಡ ತಾಸ ಹಂಗ ಇಟ್ಟೀನಿ. ಈಗ ನೋಡ್ರಿ, ಹನ್ನೆರಡು ಪಾಯಿಂಟ್ ಏಳು."

"ಹಂಗಾರ ಚಲೋ ಐತಿ?"

"ಹಂಗ ಹೇಳಾಕ ಬರಂಗಿಲ್ಲ. ಕುಂತಾಗ ಎಲ್ಲಾರೂ ಪೈಲವಾನರ. ಭಾರ ಹೊರಿಸಿ ನೋಡಬೇಕು."

ಲೋಡ್ ಟೆಸ್ಟರಿನ ಎರಡು ಚಿಮಟ ಕಚ್ಚಿಸಿ ಗುಂಡಿ ಒತ್ತಿದ. ಒಳಗಿನ ತಂತಿ ಕಾದು ವಾಸನೆ ಬಂತು. "ಹತ್ತು ಎಣಸ್ರಿ. ಒಂಬತ್ತೂವರಿ ಕೆಳಗ ಬಿದ್ದರ ಬ್ಯಾಟರಿ ಸತ್ತಂಗ."

ಮನೀಷಾ ಎಣಿಸಿದಳು. ಮುಳ್ಳು ಹತ್ತೂವರೆಯ ಹತ್ತಿರ ಇಳಿದು ಅಲ್ಲೇ ನಿಂತಿತು.

ಇಲ್ಲಿಯೇ ಸುಳ್ಳು ಹೇಳಬಹುದಿತ್ತು. ಹಳೇ ಬ್ಯಾಟರಿ, ಬಾಳಿಕೆ ಮುಗಿದಿದೆ, ಬೇರೆ ಹಾಕುತ್ತೇನೆ ಎಂದರೆ ತಪಾಸಣೆಯೂ ನಿಲ್ಲುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಆದರೆ ಮುಳ್ಳನ್ನು ಅವಳೂ ನೋಡಿದ್ದಳು.

"ಬ್ಯಾಟರಿ ಗಟ್ಟಿ ಐತ್ರಿ," ಎಂದ.

ಬ್ಯಾಟರಿಯನ್ನು ಗಾಡಿಯಲ್ಲಿ ಕೂರಿಸುವಾಗ ಗಾಡಿಯ ವಾಯರಿನ ಜತೆ ತಾನು ಸೇರಿಸಿದ್ದ ಡಬ್ಬಿಯ ತೆಳು ವಾಯರ್ ಬೆರಳಿಗೆ ತಾಗಿತು. ಅದನ್ನು ಹೊರಗೆ ಬಿಡಬಹುದಿತ್ತು. ಬಿಟ್ಟರೆ ಭೂಪಾಲ ಕೇಳುತ್ತಾನೆ. ಹೆದರಿದ ಬೆರಳುಗಳೇ ಎರಡನ್ನೂ ಸೇರಿಸಿ ಸ್ಕ್ರೂ ಬಿಗಿದವು. ತನ್ನ ಕೈಯನ್ನು ತಾನೇ ಕಡಿದುಕೊಳ್ಳಬೇಕೆನ್ನಿಸಿತು ಭರಮುವಿಗೆ. ಪ್ಲಾಸ್ಟಿಕ್ ಮುಚ್ಚಳದ ಸಂದಿಯಲ್ಲಿ ಹಸಿರು ದೀಪವೊಂದು ಮಿಣುಕ್ ಎಂದಿತು. ಸತ್ತಿದ್ದ ಡಬ್ಬಿಗೆ ಜೀವ ಬಂದಿತ್ತು.

ಗಾಡಿ ಚಾಲೂ ಮಾಡಿ, ಮೀಟರ್ ಹಿಡಿದು, ರೇಸ್ ಕೊಟ್ಟ. "ಓಡೋ ಗಾಡಿ ಬ್ಯಾಟರಿಗಿ ಹದಿನಾಲ್ಕರ ಆಜೂಬಾಜು ಕೊಡಬೇಕು. ಹದಿನಾಲ್ಕು ಪಾಯಿಂಟ್ ಎರಡು ಐತಿ. ಚಾರ್ಜಿಂಗ್‌ನಾಗೂ ಖೋಡಿ ಇಲ್ಲ."

"ಬ್ಯಾಟರಿ ಚಲೋ, ಚಾರ್ಜಿಂಗ್ ಚಲೋ. ಮತ್ತ ಯಾಕ ಸತ್ತಿತ್ತು?" ಮನೀಷಾಳ ದನಿ ಇಳಿಯಿತು. "ಅಣ್ಣಾ, ನಾ ಬಂದಾಗಿಂದ ನಿನ್ನೆತನಕ ಗಾಡಿ ಮುಟ್ಟೇ ಇಲ್ಲ. ಶೇವಂತಾನ ಹಿತ್ತಲದಾಗ ತಾಡಪಾಲ ಹೊಚ್ಚಿ ಇಟ್ಟಿದ್ದೆ. ಮೊನ್ನೆ ಸಂಜಿಕ ನಮ್ಮ ಮನಿಯವರು ಬಂದ್ರು. ಯಾರನ್ನೂ ಕೇಳಲಿಲ್ಲ. ನೆಟ್ಟಗ ಆ ಹಿತ್ತಲಕ್ಕ ಬಂದ್ರು. ಓಣಿ ಮಂದಿ ಕೂಡಿದ್ರಂತ ಬಚಾವಾದೆ. ಈ ಬೆರಳು ಬಾಗಿಲ ಸಂದ್ಯಾಗ ಇಟ್ಟು ಒತ್ತಿದವರು, ಈ ಸರ್ತಿ ಬೆರಳಿಗಷ್ಟ ಬಿಡಂಗಿಲ್ಲ. ಯಾರ ಹೇಳಿದ್ರು ಅವರಿಗಿ? ಶೇವಂತಾನ ಮ್ಯಾಲೂ ಸಂಶೇ ಬರಾಕತ್ತೇತಿ."

ಭರಮು ಅವಳ ಮುಖ ನೋಡಲಿಲ್ಲ. "ಇನ್ನೊಂದ ಟೆಸ್ಟ್ ಐತ್ರಿ," ಎಂದ. "ಚಾವಿ ತಗದ ಮ್ಯಾಲೂ ಯಾರರೆ ಬ್ಯಾಟರಿ ಕುಡ್ಯಾಕತ್ತಾರೇನು ನೋಡೂದು."

ಚಾವಿ ತೆಗೆದ. ಮೈನಸ್ ವಾಯರ್ ಬಿಚ್ಚಿದ. ಮೀಟರಿನ ಕಡ್ಡಿಯನ್ನು ಕರೆಂಟ್ ಅಳೆಯುವ ತೂತಿಗೆ ಚುಚ್ಚುವಷ್ಟರಲ್ಲಿ ಬೆಂಚಿನ ಮೇಲಿನ ಮೊಬೈಲ್ ಬಡಿದುಕೊಂಡಿತು. ತೆರೆಯ ಮೇಲೆ 'ಭೂಪಾಲಣ್ಣ ಭೋಜ' ಎಂಬ ಹೆಸರು.

"ಲೇ ಭರಮ್ಯಾ, ವಾಯರ್ ಬಿಚ್ಚೇತಿ ಅಂತ ಮೆಸೇಜ್ ಬಂತಲ್ಲೋ. ಗಾಡಿ ನಿನ್ನ ಅಂಗಡ್ಯಾಗ ತೋರಸಾಕತ್ತೇತಿ."

"ಚಾರ್ಜಿಂಗ್... ಚಾರ್ಜಿಂಗ್ ತಪಾಸ ಮಾಡಾಕತ್ತೀನ್ರಿ ಅಣ್ಣಾರ."

"ಆಕಿ ಅಲ್ಲೇ ಅದಾಳ? ಚಾ ಕುಡಿಸಿ ಕೂಡ್ರಸು. ಅರ್ಧ ತಾಸಿನ್ಯಾಗ ಬಂದೆ. ಗಾಡಿ ಹೊರಗ ಬಿತ್ತಂದ್ರ ನಿನ್ನ ಶಟರಿಗಿ ನಿನ್ನ ತಲಿ ಬಡೀತೀನಿ."

ಭರಮು ಮೊಬೈಲ್ ಇಟ್ಟ. ಮನೀಷಾಳ ಮುಖದಲ್ಲಿ ರಕ್ತವಿರಲಿಲ್ಲ. ದನಿ ಅವಳಿಗೂ ಕೇಳಿಸಿತ್ತು. ಆದರೂ ಅವಳು ಓಡಲಿಲ್ಲ.

"ಟೆಸ್ಟ್ ಮುಗಸ್ರಿ," ಎಂದಳು.

ಬಿಚ್ಚಿದ ವಾಯರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರಿನ ಕಡ್ಡಿಗಳನ್ನು ಚಿಮಟದಿಂದ ಕಚ್ಚಿಸಿದ. ಅಂಕಿ ಕುಣಿದು ಕೊನೆಗೆ ನಿಂತಿತು. "ಅರವತ್ತೆರಡು ಮಿಲಿ ಆಂಪ್. ನಿಂತ ಗಾಡಿಗಿ ಎರಡೋ ಮೂರೋ ಇದ್ದರ ಹೆಚ್ಚು. ಇಷ್ಟ ಸೋರಿದ್ರ ಈ ಸಣ್ಣ ಬ್ಯಾಟರಿ ಮೂರು ದಿನ, ಮೂರೂವರಿ ದಿನಕ್ಕ ಖಾಲಿ."

"ಯಾರು ಕುಡೀತಾರ?"

ಫ್ಯೂಜ್ ಕಿತ್ತ. ಅಂಕಿ ಅರವತ್ತೊಂದು. "ಫ್ಯೂಜ್ ತಗದರೂ ಕಡಿಮಿ ಆಗಲಿಲ್ಲ ನೋಡ್ರಿ. ಅಂದ್ರ ಇದು ಗಾಡಿದಲ್ಲ. ಫ್ಯೂಜಿನ ಮೊದಲ ನೇರ ಬ್ಯಾಟರಿಗಿ ಕಚ್ಚಕೊಂಡೈತಿ." ಮುಚ್ಚಳ ಎತ್ತಿದ. ಕರಿ ಡಬ್ಬಿ, ಹಸಿರು ದೀಪ, ಗಂಟಿನ ಸುತ್ತ ನೀಲಿ ಟೇಪು.

ಅದೇ ನೀಲಿ ಟೇಪಿನ ಸುರುಳಿ ಬೆಂಚಿನ ಮೇಲಿತ್ತು. ಮನೀಷಾ ಅದನ್ನು ನೋಡಿದಳು, ಆಮೇಲೆ ಅವನನ್ನು.

"ನಾನ ಹಾಕಿದ್ದು," ಎಂದ ಭರಮು. "ಅಂಜಿ ಹಾಕಿದ್ನಿ. ಇವತ್ತೂ ಅಂಜೇ ಜೋಡಿಸಿದ್ನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಕಿತ್ತ ಒಗೀರಿ," ಎಂದಳಷ್ಟೆ.

"ಕಿತ್ತರ ಅದರೊಳಗಿನ ಸಣ್ಣ ಸೆಲ್ಲಿನಿಂದ ಮತ್ತ ಮೆಸೇಜ್ ಹೋಗತೈತಿ. ಈಗ ಮೀಟರ್ ಹಾಯ್ದು ಕರೆಂಟ್ ಹೋಗಾಕತ್ತೇತಿ, ಡಬ್ಬಿ ಸುಮ್ಮನೈತಿ. ತಡೀರಿ." ಕಡ್ಡಿ ಅಲುಗದಂತೆ ಮೈನಸ್ ವಾಯರನ್ನು ಮತ್ತೆ ಬ್ಯಾಟರಿಗೆ ಬಿಗಿದ. ಅಂಗಡಿಯ ಒಂದು ಹಳೇ ಬ್ಯಾಟರಿ ಎಳೆದು ತಂದ, ಅದರ ಕೆಂಪು ಕರಿ ಚಿಮಟಗಳನ್ನು ಡಬ್ಬಿಯ ವಾಯರಿನ ಸಿಪ್ಪೆ ಸುಲಿದು ಕಚ್ಚಿಸಿದ. "ಈಗ ಎರಡೂ ಕಡೆಯಿಂದ ಕರೆಂಟ್. ಈಗ ಕತ್ತರಸಿದ್ರ ಅದಕ್ಕ ಗೊತ್ತ ಆಗಂಗಿಲ್ಲ." ಗಾಡಿಯ ಕಡೆಯ ಎರಡೂ ತೆಳು ವಾಯರ್ ಕತ್ತರಿಸಿದ. ಹಸಿರು ದೀಪ ಮಿಣುಕುತ್ತಲೇ ಇತ್ತು. ಫ್ಯೂಜ್ ಹಾಕಿ, ಮತ್ತೊಮ್ಮೆ ಮೀಟರ್ ಹಿಡಿದು ತೋರಿಸಿದ. ಒಂದೇ ಮಿಲಿ ಆಂಪ್.

"ಹೋಗ್ರಿ ಅಕ್ಕಾ. ಎಲ್ಲಿಗಿ ಅಂತ ನನಗ ಹೇಳಬ್ಯಾಡ್ರಿ. ಬಡದ್ರ ಬಾಯಿ ಬಿಡೂ ಮನಷ್ಯಾ ನಾ."

ಅವಳು ಹೆಲ್ಮೆಟ್ ಹಾಕಿಕೊಂಡಳು. ಸೆಲ್ಫ್ ಒತ್ತಿದ ತಕ್ಷಣ ಗಾಡಿ ಹಿಡಿಯಿತು. ತಿರುವಿನಲ್ಲಿ ಒಮ್ಮೆಯೂ ಹಿಂದೆ ನೋಡಲಿಲ್ಲ.

ಡಬ್ಬಿಯನ್ನೂ ಹಳೇ ಬ್ಯಾಟರಿಯನ್ನೂ ಬೆಂಚಿನ ಕೆಳಗೆ ಸರಿಸಿ, ಮೇಲೆ ಎಣ್ಣೆಬಟ್ಟೆ ಹಾಕಿ ಭರಮು ಕುಳಿತ. ಓಡಿಹೋಗಲು ಅವನಿಗೂ ಕಾಲುಗಳಿದ್ದವು. ಭೂಪಾಲನ ಮೊಬೈಲಿನಲ್ಲಿ ಗಾಡಿ ತೋರಿಸುವ ಚುಕ್ಕೆ ಇಲ್ಲಿಯೇ ನಿಂತಿರಬೇಕಿತ್ತು. ಅವನು ಬಂದಾಗ ತಡೆದು ಕೂರಿಸಲು ಒಬ್ಬರು ಬೇಕಿತ್ತು.

ಇಪ್ಪತ್ತೈದನೇ ನಿಮಿಷಕ್ಕೆ ಗುಡುಗುಡು ಮೋಟಾರ್‌ಸೈಕಲ್ ಬಂದು ನಿಂತಿತು. ಭೂಪಾಲ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಒಳಗೆ ಬಂದ. ಖಾಲಿ ಜಾಗ ನೋಡಿ ಹಲ್ಲು ಕಚ್ಚಿದ. "ಎಲ್ಲಿ?"

"ಗಾಡಿ ಟ್ರಾಯಲ್ ನೋಡಾಕ ಹೋಗ್ಯಾರ್ರಿ, ಈಗ ಬರ್ತಾರ." ಭರಮು ಬೆಂಚಿನ ಕೆಳಗಿನ ಎಣ್ಣೆಬಟ್ಟೆಗೆ ಅಡ್ಡ ನಿಂತ.

"ಇಲ್ಲೇ ಐತಿ ಅಂತ ತೋರಸಾಕತ್ತೇತಿ."

"ಮೆಸೇಜ್ ತಡ ಬರತೈತ್ರಿ." ಒಂದು ಸ್ಟೂಲ್ ಮುಂದೆ ತಳ್ಳಿದ. ಶಟರ್ ತನ್ನ ತಲೆಯಿಂದ ಎಷ್ಟು ದೂರವಿದೆ ಎಂದು ಕಣ್ಣು ತಾನಾಗಿಯೇ ಅಳೆಯಿತು. ಮೀಟರ್ ಕೈಗೆ ತೆಗೆದುಕೊಂಡ. "ಕೂಡ್ರಿ ಅಣ್ಣಾರ. ಬ್ಯಾಟರಿ ಯಾಕ ಸತ್ತಿತ್ತಂತ ಒಂದೊಂದ ಟೆಸ್ಟ್ ಬಿಡಿಸಿ ಹೇಳ್ತೀನಿ. ಮೊದಲನೇದ್ದು, ವೋಲ್ಟ್..."